92% ಎಂದವರಲ್ಲಿ ಲೆಕ್ಕದ ಪುಸ್ತಕ ಕೇಳೋಣ

ನಮ್ಮ ಕುಟುಂಬಗಳ ವಾಟ್ಸಾಪ್ ಗ್ರೂಪುಗಳಲ್ಲಿ ಮದುವೆ ಆಮಂತ್ರಣ, ಮಯ್ಯಿತ್ತಿನ ಸುದ್ದಿ, ರಕ್ತ ಬೇಕೆಂಬ ಮನವಿಗಳ ಮಧ್ಯೆ ಈಗ ಇನ್ನೊಂದು ಬಗೆಯ ಪೋಸ್ಟರ್ ಸೇರಿಕೊಂಡಿದೆ. ಹಸಿರು ಬಣ್ಣದ ಬಾಣ, ಒಂದು ಲಾಭದ ಸ್ಕ್ರೀನ್‌ಶಾಟ್, ಕೆಳಗೆ ದಪ್ಪಕ್ಷರದಲ್ಲಿ “ಆಕ್ಯುರಸಿ 92%”. ಅದರಡಿಯಲ್ಲಿ ಒಂದು ಟೆಲಿಗ್ರಾಂ ಲಿಂಕ್. ಹಾಕಿದವರು ಹೊರಗಿನವರಲ್ಲ. ಶಾರ್ಜಾದಲ್ಲಿರುವ ಬಾವನೋ, ಉಪ್ಪಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಕಾಕನ ಮಗನೋ ಆಗಿರುತ್ತಾರೆ. ಸಂಬಂಧಿಕರೇ ಹಾಕಿದ್ದಾರೆಂಬ ಕಾರಣಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ಮುನಿಸು. ಹೀಗೆ ಪ್ರಶ್ನೆ ಇಲ್ಲದೆ ಹೋಗುವ ಹಣ ತಿಂಗಳಿಗೆ ಮೂರೋ ನಾಲ್ಕೋ ಸಾವಿರದ ಚಂದಾ ಮಾತ್ರ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಂದಾ ಕೊಟ್ಟವರು ಆ ಟಿಪ್ ನಂಬಿ ಹಾಕುವ ಹಣ ಅದರ ಹತ್ತಾರು ಪಟ್ಟು ಇರುತ್ತದೆ.

ನನ್ನ ವಾದ ಸಣ್ಣದು. ಟಿಪ್ ಮಾರುವವರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆ ನಮಗೆ ಬೇಡ. 92% ಎಂಬುದು ಒಂದು ಲೆಕ್ಕ. ಲೆಕ್ಕವನ್ನು ಮಾರುವವನ ಕೈಗೆ ಸಿಗದ ದಾಖಲೆಗಳಿಂದ ನಾವೇ ಮತ್ತೆ ಮಾಡಿ ನೋಡಬಹುದು. ಅದಕ್ಕೆ ಷೇರು ಮಾರುಕಟ್ಟೆಯ ಪಾಂಡಿತ್ಯ ಬೇಡ, ಅಂಗಡಿಯ ದಿನದ ಲೆಕ್ಕ ಬರೆಯಲು ಬೇಕಾದಷ್ಟು ತಾಳ್ಮೆ ಸಾಕು. ಗ್ರೂಪಿಗೆ ಲಿಂಕ್ ಹಾಕುವವರು ಈ ಲೆಕ್ಕವನ್ನೂ ಜೊತೆಗೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಶೇಕಡಾವಾರು ಸಂಖ್ಯೆಯನ್ನೇ ನೋಡೋಣ. ನೂರು ಟಿಪ್‌ಗಳಲ್ಲಿ 92 ಗೆದ್ದವು ಎಂಬುದು ಪೂರ್ತಿ ನಿಜವೆಂದೇ ಇಟ್ಟುಕೊಳ್ಳಿ. ಪ್ರತಿ ಗೆಲುವಿನಲ್ಲಿ 5 ರೂಪಾಯಿ ಬಂತು, ಪ್ರತಿ ಸೋಲಿನಲ್ಲಿ 60 ರೂಪಾಯಿ ಹೋಯಿತು. 92 ಗೆಲುವಿನಿಂದ 460 ರೂಪಾಯಿ, 8 ಸೋಲಿನಿಂದ 480 ರೂಪಾಯಿ ನಷ್ಟ. ಅಂದರೆ 92% ಸರಿ ಹೇಳಿದವನ ಹಿಂದೆ ಹೋದವನ ಕೈಯಿಂದ 20 ರೂಪಾಯಿ ಹೋಯಿತು. ಹತ್ತಿರದ ಟಾರ್ಗೆಟ್, ದೂರದ ಸ್ಟಾಪ್‌ಲಾಸ್ ಇಟ್ಟರೆ ಗೆಲುವಿನ ಶೇಕಡಾವನ್ನು ಯಾರು ಬೇಕಾದರೂ ಏರಿಸಬಹುದು. ಆದ್ದರಿಂದ ಎಷ್ಟು ಸಲ ಗೆದ್ದರು ಎಂದು ಕೇಳಿದ ಬಾಯಲ್ಲೇ ಗೆದ್ದಾಗ ಎಷ್ಟು, ಸೋತಾಗ ಎಷ್ಟು ಎಂದೂ ಕೇಳಬೇಕು. ಪೋಸ್ಟರಿನಲ್ಲಿ ಆ ಎರಡು ಅಂಕಿಗಳು ಇರುವುದನ್ನು ನಾನು ಈವರೆಗೆ ನೋಡಿಲ್ಲ.

ಕಳೆದ ವರ್ಷ ನಮ್ಮ ಸಂಬಂಧಿಕ ಹುಡುಗನೊಬ್ಬ ಇಂಥ ಒಂದು ಚಾನೆಲ್‌ಗೆ ತಿಂಗಳಿಗೆ 3,500 ರೂಪಾಯಿ ಕೊಟ್ಟು ಸೇರಿದ್ದ. ನಿಫ್ಟಿ ಆಪ್ಷನ್ ಟಿಪ್‌ಗಳು. ಅವನೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು: ಒಂದು ತಿಂಗಳು ಹಣ ಹಾಕುವುದಿಲ್ಲ, ಬಂದ ಪ್ರತಿ ಟಿಪ್ ಬರೆದಿಡುತ್ತೇವೆ. ಚಾನೆಲ್ ಹೆಸರು ಇಲ್ಲಿ ಬೇಡ. ಇಂಥವು ನೂರಾರಿವೆ, ಲೆಕ್ಕದ ವಿಧಾನ ಎಲ್ಲಕ್ಕೂ ಒಂದೇ.

ಮೊದಲ ದಾಖಲೆ ಚಾನೆಲ್‌ನ ಸಂದೇಶಗಳೇ. ಸಂಜೆ ನೋಡಿದರೆ ಬೆಳಗ್ಗಿನ ಸೋತ ಟಿಪ್ ಅಳಿದುಹೋಗಿರಬಹುದು, ಅಥವಾ ತಿದ್ದಿರಬಹುದು. ಹಾಗಾಗಿ ಬಂದ ಕೂಡಲೇ ಹಿಡಿದಿಡಬೇಕು. ಕಂಪ್ಯೂಟರಿನ ಟೆಲಿಗ್ರಾಂನಲ್ಲಿ ಚಾಟ್ ಹಿಸ್ಟರಿಯನ್ನು ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದೆ, ದಿನಕ್ಕೊಮ್ಮೆ ಮಾಡಿದರೆ ಎರಡು ದಿನದ ಪ್ರತಿಗಳನ್ನು ಹೋಲಿಸಿ ಏನು ಮಾಯವಾಯಿತೆಂದು ನೋಡಬಹುದು. ಹಣ ಕೊಟ್ಟು ಸೇರುವ ಬಹಳಷ್ಟು ಚಾನೆಲ್‌ಗಳು ಸೇವ್ ಮಾಡುವುದನ್ನೂ ಫಾರ್ವರ್ಡ್ ಮಾಡುವುದನ್ನೂ ತಡೆದಿಟ್ಟಿರುತ್ತವೆ. ಆಗ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯಬೇಕು, ಅಥವಾ ನಾವು ಮಾಡಿದ ಹಾಗೆ ಗಂಟೆ ನಿಮಿಷ ಸಮೇತ ನೋಟ್‌ಪುಸ್ತಕದಲ್ಲಿ ಬರೆಯಬೇಕು.

ತಡವಾಗಿ ಸೇರಿದವರಿಗೂ ಒಂದು ಸುಳಿವು ಇದೆ. ಟೆಲಿಗ್ರಾಂ ಚಾನೆಲ್‌ನಲ್ಲಿ ಪ್ರತಿ ಸಂದೇಶಕ್ಕೂ ಕ್ರಮವಾಗಿ ಒಂದು ಸಂಖ್ಯೆ ಬೀಳುತ್ತದೆ. ಸಂದೇಶದ ಲಿಂಕ್ ಕಾಪಿ ಮಾಡಿದರೆ ಕೊನೆಯಲ್ಲಿ ಆ ಸಂಖ್ಯೆ ಕಾಣುತ್ತದೆ, `/412`, `/413` ಎಂಬಂತೆ. ಒಂದು ಸಂದೇಶ ಅಳಿಸಿದರೆ ಆ ಸಂಖ್ಯೆ ಮತ್ತೆ ಯಾರಿಗೂ ಸಿಗುವುದಿಲ್ಲ, ಖಾಲಿಯಾಗಿ ಉಳಿಯುತ್ತದೆ. 412ರ ನಂತರ ನೇರ 419 ಬಂದರೆ ಮಧ್ಯೆ ಏನೋ ಇತ್ತು ಎಂದರ್ಥ. ಇಲ್ಲಿ ಆತುರಪಡಬಾರದು. ಒಟ್ಟಿಗೆ ಹಾಕಿದ ನಾಲ್ಕು ಫೋಟೋಗಳು ನಾಲ್ಕು ಸಂಖ್ಯೆ ತಿನ್ನುತ್ತವೆ, ಸಂದೇಶ ಪಿನ್ ಮಾಡಿದರೂ ಒಂದು ಸಂಖ್ಯೆ ಹೋಗುತ್ತದೆ. ಆದ್ದರಿಂದ ಅಲ್ಲೊಂದು ಇಲ್ಲೊಂದು ಬಿಟ್ಟುಹೋದರೆ ಅದು ಏನನ್ನೂ ಹೇಳುವುದಿಲ್ಲ. ಮಾರುಕಟ್ಟೆ ಕುಸಿದ ದಿನಗಳಲ್ಲೇ ಸಾಲಾಗಿ ಖಾಲಿ ಇದ್ದರೆ ಹೇಳುತ್ತದೆ. ಸಮಯದ ಪಕ್ಕದಲ್ಲಿ `edited` ಎಂದು ಕಾಣುವ ಟಿಪ್‌ಗಳನ್ನೂ ಬೇರೆ ಗುರುತು ಮಾಡಿ. ಬೆಲೆ ತಿದ್ದಿದ ಟಿಪ್ ಲೆಕ್ಕಕ್ಕೆ ಬಾರದು.

ಎರಡನೆಯ ದಾಖಲೆ ಎಕ್ಸ್‌ಚೇಂಜಿನ ಬೆಲೆ. ಎನ್‌ಎಸ್‌ಇ ತನ್ನ ವೆಬ್‌ಸೈಟಿನಲ್ಲಿ ದಿನವೂ ‘ಭಾವ್‌ಕಾಪಿ’ ಎಂಬ ಫೈಲ್ ಹಾಕುತ್ತದೆ, ಉಚಿತ. ಅದರಲ್ಲಿ ಪ್ರತಿ ಆಪ್ಷನ್ ಕಾಂಟ್ರಾಕ್ಟ್‌ನ ಆ ದಿನದ ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ ಇರುತ್ತದೆ. ಚಾನೆಲ್‌ನವರು ಹೇಳಿದ ಬೆಲೆ ಆ ದಿನ ಇತ್ತೇ ಇಲ್ಲವೇ ಎಂದು ಇದರಿಂದ ತಿಳಿಯುತ್ತದೆ. ಆದರೆ ಗರಿಷ್ಠ ಮೊದಲು ಬಂತೋ ಕನಿಷ್ಠ ಮೊದಲು ಬಂತೋ ಎಂಬುದನ್ನು ಭಾವ್‌ಕಾಪಿ ಹೇಳುವುದಿಲ್ಲ. ಅದಕ್ಕೆ ಬ್ರೋಕರ್ ಆ್ಯಪ್‌ನಲ್ಲಿ ಒಂದು ನಿಮಿಷದ ಚಾರ್ಟ್ ನೋಡಬೇಕು, ಅದೂ ಅದೇ ದಿನ. ಅವಧಿ ಮುಗಿದ ಕಾಂಟ್ರಾಕ್ಟ್‌ನ ಚಾರ್ಟ್ ಹೆಚ್ಚಿನ ಆ್ಯಪ್‌ಗಳಲ್ಲಿ ಆಮೇಲೆ ಸಿಗುವುದಿಲ್ಲ. ಹಳೆಯ ಸಾಧನೆಯನ್ನೇ ತೋರಿಸುವ ಪೋಸ್ಟರುಗಳಿಗೆ ಇದು ಎಷ್ಟು ಅನುಕೂಲ ಎಂದು ಯೋಚಿಸಿ: ನೀವು ಪರೀಕ್ಷಿಸಲು ಹೋಗುವ ಹೊತ್ತಿಗೆ ನಿಮಿಷದ ಚಾರ್ಟ್ ಇರುವುದಿಲ್ಲ.

ನಮ್ಮ ಪುಸ್ತಕದಿಂದ ಒಂದು ದಿನದ ಟಿಪ್ ತೆಗೆದು ಹೇಳುತ್ತೇನೆ. ಬೆಳಗ್ಗೆ 11.42ಕ್ಕೆ ಸಂದೇಶ: ಒಂದು ನಿಫ್ಟಿ ಕಾಲ್ ಆಪ್ಷನ್ 120 ರೂಪಾಯಿಗೆ ತೆಗೆದುಕೊಳ್ಳಿ, ಟಾರ್ಗೆಟ್ 130, 150, 180, ಸ್ಟಾಪ್‌ಲಾಸ್ 100. ಸಂಜೆ ಪೋಸ್ಟರ್ ಬಂತು: “ಟಾರ್ಗೆಟ್ 1 ಹಿಟ್, ದಿನದ ಹೈ 164, ಅಭಿನಂದನೆಗಳು”. ಭಾವ್‌ಕಾಪಿ ನೋಡಿದರೆ ಗರಿಷ್ಠ 164 ಎಂಬುದು ಸುಳ್ಳಲ್ಲ. ಆದರೆ ನಿಮಿಷದ ಚಾರ್ಟಿನಲ್ಲಿ ಆ 164 ಬಂದದ್ದು ಬೆಳಗ್ಗೆ 9.31ಕ್ಕೆ, ಟಿಪ್ ಬರುವುದಕ್ಕಿಂತ ಎರಡು ಗಂಟೆ ಮೊದಲು. ಟಿಪ್ ಬಂದ ಮೇಲೆ ಬೆಲೆ 127ರವರೆಗೆ ಹೋಗಿ ತಿರುಗಿತು, 12.26ಕ್ಕೆ 100 ಮುಟ್ಟಿತು. ಸ್ಟಾಪ್‌ಲಾಸ್ ಪಾಲಿಸಿದವರು ಅಲ್ಲಿಗೆ ಹೊರಗೆ, ಯೂನಿಟ್‌ಗೆ 20 ರೂಪಾಯಿ ನಷ್ಟದೊಂದಿಗೆ. ಆಮೇಲೆ 88ರವರೆಗೆ ಇಳಿದು ಮಧ್ಯಾಹ್ನ 2.40ಕ್ಕೆ 133ಕ್ಕೆ ಏರಿತು. ಪೋಸ್ಟರಿನಲ್ಲಿ ಒಂದೇ ಒಂದು ಸುಳ್ಳು ಸಂಖ್ಯೆ ಇಲ್ಲ, ಬೆಲೆ 130 ದಾಟಿದ್ದೂ ನಿಜವೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಬಿಟ್ಟಿದ್ದಾರೆ. ಚಾನೆಲ್ ಹೇಳಿದಂತೆಯೇ ಸ್ಟಾಪ್‌ಲಾಸ್ ಇಟ್ಟ ಶಿಸ್ತಿನ ಹುಡುಗನಿಗೆ ಆ ದಿನ ನಷ್ಟ, ಚಾನೆಲ್‌ನ ಲೆಕ್ಕದಲ್ಲಿ ಅದೇ ಟಿಪ್ ಗೆಲುವು.

ಇಂಥ ಜಗಳ ಬಾರದಿರಲೆಂದು ನಾವು ನಿಯಮಗಳನ್ನು ಮೊದಲೇ ಬರೆದಿದ್ದೆವು. ಟಿಪ್ ಬಂದ ಮೇಲೆ ಹೇಳಿದ ಬೆಲೆ ಬಂದರೆ ಮಾತ್ರ ಲೆಕ್ಕ. ಮೊದಲ ಟಾರ್ಗೆಟ್ ಮತ್ತು ಸ್ಟಾಪ್‌ಲಾಸ್, ಎರಡರಲ್ಲಿ ಮೊದಲು ಯಾವುದು ಮುಟ್ಟಿತೋ ಅದೇ ಫಲಿತಾಂಶ. ಎರಡೂ ಮುಟ್ಟದಿದ್ದರೆ ಮಧ್ಯಾಹ್ನ 3.15ರ ಬೆಲೆಗೆ ಮಾರಿದ ಹಾಗೆ. ತಿಂಗಳು ಮುಗಿಯುವವರೆಗೆ ನಿಯಮ ಬದಲಿಸುವಂತಿಲ್ಲ. ಹುಡುಗ ಮಧ್ಯೆ ಒಮ್ಮೆ, ಮೂರನೇ ಟಾರ್ಗೆಟ್‌ವರೆಗೆ ಕಾದಿದ್ದರೆ ಎಷ್ಟು ಬರುತ್ತಿತ್ತು ನೋಡೋಣ ಎಂದ. ನೋಡಬಹುದು, ತಪ್ಪಿಲ್ಲ. ಆದರೆ ಹಾಗೆ ಕಾಯುವುದಾದರೆ ಎಲ್ಲ ಟಿಪ್‌ಗಳಲ್ಲೂ ಕಾಯಬೇಕು, ಕಾದು ಸೋತವನ್ನೂ ಬರೆಯಬೇಕು. ಗೆದ್ದಲ್ಲಿ ಮೂರನೇ ಟಾರ್ಗೆಟ್, ಸೋತಲ್ಲಿ ಮೊದಲನೇ ಟಾರ್ಗೆಟ್ ಎಂದು ಆರಿಸಿಕೊಂಡರೆ ಅದು ಲೆಕ್ಕವಾಗುವುದಿಲ್ಲ.

ತಿಂಗಳ ಕೊನೆಗೆ ಚಾನೆಲ್‌ನ ಪೋಸ್ಟರ್: 25 ಟಿಪ್, 23 ಗೆಲುವು, ಆಕ್ಯುರಸಿ 92%. ನಮ್ಮ ಪುಸ್ತಕದಲ್ಲಿ ಇದ್ದದ್ದು 31 ಟಿಪ್. ಆರು ಟಿಪ್ ಅವರ ಲೆಕ್ಕದಿಂದ ಮಾಯ. ಅವುಗಳಲ್ಲಿ ಮೂರಕ್ಕೆ ಹೇಳಿದ ಬೆಲೆಯೇ ಬಂದಿರಲಿಲ್ಲ, ಬಿಟ್ಟದ್ದು ನ್ಯಾಯ, ನಾವೂ ಬಿಟ್ಟೆವು. ಉಳಿದ ಮೂರು ಸ್ಟಾಪ್‌ಲಾಸ್ ಮುಟ್ಟಿದವು. ಅವುಗಳ ಸಂದೇಶವೇ ಚಾನೆಲ್‌ನಲ್ಲಿ ಉಳಿದಿರಲಿಲ್ಲ.

ಲೆಕ್ಕಕ್ಕೆ ಉಳಿದ 28ರಲ್ಲಿ ಮೊದಲು ಟಾರ್ಗೆಟ್ ಮುಟ್ಟಿದ್ದು 15. ಮೊದಲು ಸ್ಟಾಪ್‌ಲಾಸ್ ಮುಟ್ಟಿದ್ದು 9. ಎರಡೂ ಮುಟ್ಟದ್ದು 4. ಅಂದರೆ ಗೆಲುವು 54% ಹತ್ತಿರ. ಹಾಗಾದರೆ ಅವರ 23 ಎಲ್ಲಿಂದ ಬಂತು? ನಿಜವಾದ ಗೆಲುವು 15, ಮೇಲೆ ಹೇಳಿದ ದಿನದ ಹಾಗೆ ಸ್ಟಾಪ್‌ಲಾಸ್ ಮುಟ್ಟಿದ ಮೇಲೆ ಏರಿದವು 4, ಎರಡೂ ಮುಟ್ಟದಿದ್ದರೂ ಯಾವುದೋ ಒಂದು ನಿಮಿಷ ಮೂರು ನಾಲ್ಕು ರೂಪಾಯಿ ಮೇಲೆ ಇದ್ದದ್ದಕ್ಕೆ “ಸಣ್ಣ ಲಾಭ” ಎಂದು ಬರೆದವು 4. ಕೂಡಿದರೆ 23. ಒಪ್ಪಿಕೊಂಡ ಸೋಲು ಎರಡೇ.

ಇನ್ನು ಹಣದ ಲೆಕ್ಕ. ಈ ಚಾನೆಲ್‌ನ ಟಿಪ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಟಾರ್ಗೆಟ್ 10 ರೂಪಾಯಿ ಮೇಲೆ, ಸ್ಟಾಪ್‌ಲಾಸ್ 20 ರೂಪಾಯಿ ಕೆಳಗೆ. 15 ಗೆಲುವಿನಿಂದ 150 ರೂಪಾಯಿ ಬಂತು, 9 ಸೋಲಿನಿಂದ 180 ಹೋಯಿತು, ಎರಡೂ ಮುಟ್ಟದ ನಾಲ್ಕರಿಂದ ಒಟ್ಟು 12 ಹೋಯಿತು. ಯೂನಿಟ್‌ಗೆ 42 ರೂಪಾಯಿ ನಷ್ಟ. ಇದು ಚಾನೆಲ್ ಹೇಳಿದ ಬೆಲೆಗೇ ನಮಗೆ ಸಿಕ್ಕಿತು ಎಂದುಕೊಂಡರೆ. ಆದರೆ ಸಾವಿರಾರು ಜನ ಒಂದೇ ಸಂದೇಶ ಓದಿ ಒಂದೇ ನಿಮಿಷದಲ್ಲಿ ಕೊಳ್ಳಲು ಹೋದಾಗ ಬೆಲೆ ನಿಲ್ಲುವುದಿಲ್ಲ. ಸಂದೇಶ ಬಂದ ಒಂದು ನಿಮಿಷದ ನಂತರದ ಬೆಲೆ ಬರೆದಿಟ್ಟಿದ್ದೆವು, ಸರಾಸರಿ 3 ರೂಪಾಯಿ ಹೆಚ್ಚಿತ್ತು. 28 ಟಿಪ್‌ಗೆ 84 ರೂಪಾಯಿ. ಈ 84, ಟಿಪ್ ತಪ್ಪಿದ್ದರಿಂದ ಆದ ನಷ್ಟದ ಎರಡು ಪಟ್ಟು. ನಾನು ಊಹಿಸದೆ ಇದ್ದ ಅಂಕಿ ಇದೊಂದೇ.

ಎರಡೂ ಸೇರಿ 126 ರೂಪಾಯಿ. ಆಗ ನಿಫ್ಟಿಯ ಒಂದು ಲಾಟ್ 75, ಹಾಗಾಗಿ 9,450 ರೂಪಾಯಿ. ಬ್ರೋಕರೇಜ್, ತೆರಿಗೆ ಎಲ್ಲ ಸೇರಿ ಒಂದು ಕೊಂಡು ಮಾರಿದ್ದಕ್ಕೆ ಸುಮಾರು 60 ರೂಪಾಯಿ, 28ಕ್ಕೆ 1,680. ಚಂದಾ 3,500. ಒಟ್ಟು 14,630 ರೂಪಾಯಿ. ಒಂದೊಂದೇ ಲಾಟ್ ಮಾಡಿದವನ ಒಂದು ತಿಂಗಳ ನಷ್ಟ ಇದು. ಪ್ರತಿ ಸಲ ಹಾಕಿದ ಹಣ ಸುಮಾರು 9,000 ರೂಪಾಯಿ ಅಷ್ಟೇ. ಐದು ಲಾಟ್ ಮಾಡುವ ಹುಡುಗರು ನಮ್ಮಲ್ಲಿ ಇಲ್ಲವೇ?

ಈ ಚಾನೆಲ್ ಎಷ್ಟು ಸರಿ ಹೇಳಿದ್ದರೆ ನಷ್ಟವಾಗುತ್ತಿರಲಿಲ್ಲ ಎಂಬುದನ್ನೂ ನೋಡಿದೆವು. ತಡದ 3 ರೂಪಾಯಿ ಕಳೆದರೆ ಗೆದ್ದಾಗ 7, ಸೋತಾಗ 23. ಬರೀ ಸಮಸಮ ಆಗಲು ನೂರರಲ್ಲಿ 77 ಸಲ ಗೆಲ್ಲಬೇಕು, ಅದೂ ಚಂದಾ ಮತ್ತು ಬ್ರೋಕರೇಜ್ ಬಿಟ್ಟು. ಈ ಒಂದು ಲೆಕ್ಕವನ್ನು ಚಾನೆಲ್ ಸೇರುವ ಮೊದಲೇ, ಅವರ ಉಚಿತ ಟಿಪ್‌ಗಳಿಂದಲೇ ಮಾಡಬಹುದು.

ಇದು ಒಂದು ತಿಂಗಳ ಲೆಕ್ಕ ಮಾತ್ರ ಎಂಬುದು ನಿಜ. ಒಂದು ತಿಂಗಳಲ್ಲಿ ಕೆಟ್ಟ ಚಾನೆಲ್ ಚೆನ್ನಾಗಿ ಕಾಣಬಹುದು, ಚೆನ್ನಾಗಿರುವುದು ಕೆಟ್ಟದಾಗಿ ಕಾಣಬಹುದು. ಮೂರು ತಿಂಗಳು ಬರೆದರೆ ಚಿತ್ರ ಸ್ವಲ್ಪ ನಿಲ್ಲುತ್ತದೆ. ಈಗಾಗಲೇ ಗೆದ್ದು ತೋರಿಸಿದ್ದನ್ನು ಮಾತ್ರ ನಂಬಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಬ್ಬನ ಬಳಿ 1,600 ಜನರ ನಂಬರ್ ಇದೆ. 800 ಜನಕ್ಕೆ ನಾಳೆ ಏರುತ್ತದೆ ಎನ್ನುತ್ತಾನೆ, ಉಳಿದ 800ಕ್ಕೆ ಇಳಿಯುತ್ತದೆ ಎನ್ನುತ್ತಾನೆ. ಸರಿ ಬಂದ 800ನ್ನು ಮತ್ತೆ ಅರ್ಧ ಮಾಡುತ್ತಾನೆ. ನಾಲ್ಕು ದಿನದಲ್ಲಿ 100 ಜನ ಉಳಿಯುತ್ತಾರೆ, ಅವರ ಪಾಲಿಗೆ ಅವನು ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ ಮಹಾನುಭಾವ. ಐದನೇ ದಿನ ಚಂದಾ ಕೇಳುತ್ತಾನೆ. ಇದು ಹಳೆಯ ಆಟ, ಎರಡು ಮೂರು ಚಾನೆಲ್ ಇಟ್ಟುಕೊಂಡವರಿಗೆ ಈಗ ಇನ್ನೂ ಸುಲಭ. ಆ ನೂರು ಜನರಲ್ಲಿ ಒಬ್ಬರ ಫೋನ್ ನೋಡಿದರೆ ಅಳಿಸಿದ್ದು, ತಿದ್ದಿದ್ದು ಏನೂ ಸಿಗುವುದಿಲ್ಲ. ನೀವು ಬರೆಯಲು ಶುರು ಮಾಡಿದ ದಿನದಿಂದ ಮುಂದಿನದ್ದೇ ಲೆಕ್ಕ ಎನ್ನುವುದು ಇದಕ್ಕಾಗಿ.

ಮೂರನೆಯ ದಾಖಲೆ ಟಿಪ್ ಮಾರುವವನ ಸ್ವಂತ ಖಾತೆ. ಪೋಸ್ಟರಿನಲ್ಲಿ ಬರುವ ಲಾಭದ ಸ್ಕ್ರೀನ್‌ಶಾಟ್ ದಾಖಲೆಯಲ್ಲ. ಬ್ರೌಸರಿನಲ್ಲಿ ತೆರೆದ ಯಾವ ಪುಟದ ಅಂಕಿಯನ್ನೂ ಒಂದು ನಿಮಿಷದಲ್ಲಿ ಬದಲಿಸಿ ಫೋಟೋ ತೆಗೆಯಬಹುದು. ಬ್ರೋಕರ್ ಕಂಪೆನಿ ಪ್ರತಿ ವಹಿವಾಟಿನ ದಿನ ಗ್ರಾಹಕನಿಗೆ ಕಳುಹಿಸುವ ಡಿಜಿಟಲ್ ಸಹಿ ಇರುವ ಕಾಂಟ್ರಾಕ್ಟ್ ನೋಟ್, ವರ್ಷದ ತೆರಿಗೆ ಲೆಕ್ಕಕ್ಕೆ ಕೊಡುವ ಲಾಭನಷ್ಟದ ಪಟ್ಟಿ, ಇವು ದಾಖಲೆ. ಕೆಲವು ಬ್ರೋಕರ್‌ಗಳು ತಮ್ಮದೇ ವೆಬ್‌ಸೈಟಿನಲ್ಲಿ ತೆರೆಯುವ ದೃಢೀಕೃತ ಲಾಭನಷ್ಟದ ಲಿಂಕನ್ನೂ ಕೊಡುತ್ತಾರೆ. ಇದಕ್ಕೂ ಮಿತಿ ಇದೆ. ಅದು ಒಂದು ಖಾತೆಯದ್ದು ಮಾತ್ರ. ಒಂದೇ ಮನೆಯಲ್ಲಿ ಎರಡು ಖಾತೆ ಇಟ್ಟು, ಒಂದರಲ್ಲಿ ಏರುತ್ತದೆಂದೂ ಇನ್ನೊಂದರಲ್ಲಿ ಇಳಿಯುತ್ತದೆಂದೂ ಹಾಕಿದರೆ ಯಾವುದಾದರೂ ಒಂದು ಹಸಿರಾಗಿಯೇ ಇರುತ್ತದೆ. ಹೀಗಾಗಿ ಒಂದು ದಿನದ ಲಿಂಕ್ ತೋರಿಸಿದರೆ ಇಡೀ ವರ್ಷದ್ದು ಕೇಳಿ.

ಸ್ವಂತ ಖಾತೆಯ ದಾಖಲೆ ಹೊರಬಂದಾಗ ಏನಾಗುತ್ತದೆ ಎಂಬುದಕ್ಕೆ ಸೆಬಿಯ ಒಂದು ಆದೇಶವೇ ಇದೆ. ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಲಕ್ಷಾಂತರ ಹಿಂಬಾಲಕರಿದ್ದ ವ್ಯಕ್ತಿಯ ಮೇಲೆ 2023ರ ಅಕ್ಟೋಬರಿನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಕೋರ್ಸುಗಳ ಹೆಸರಿನಲ್ಲಿ ನೋಂದಣಿ ಇಲ್ಲದೆ ಸಲಹೆ ಮಾರಿ ಸಂಗ್ರಹಿಸಿದ್ದೆಂದು 17 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಲು ಹೇಳಿತು. ಜನರಿಗೆ ತೋರಿಸುತ್ತಿದ್ದದ್ದು ಲಾಭದ ಕಥೆ. ಸೆಬಿ ಅವರ ವಹಿವಾಟಿನ ದಾಖಲೆ ತೆಗೆದು ನೋಡಿದಾಗ, 2021ರ ಜನವರಿಯಿಂದ 2023ರ ಜುಲೈವರೆಗೆ ನಿವ್ವಳ 2.89 ಕೋಟಿ ರೂಪಾಯಿ ನಷ್ಟ. ಆದಾಯ ಕೋರ್ಸ್ ಮಾರಿದ್ದರಿಂದ, ನಷ್ಟ ಮಾರುಕಟ್ಟೆಯಿಂದ. ನಮಗೆ ಸೆಬಿಯ ಅಧಿಕಾರ ಇಲ್ಲ, ಆದರೆ ಅದೇ ಕಾಗದವನ್ನು ಕೇಳುವ ಹಕ್ಕು ಹಣ ಕೊಡುವವನಿಗೆ ಇದೆ. ಕೊಡದಿದ್ದರೆ ಹಣ ಕೊಡದಿರುವ ಹಕ್ಕೂ ಇದೆ.

ಆಪ್ಷನ್‌ನಲ್ಲಿ ಸೋಲುವುದು ದಡ್ಡರು ಮಾತ್ರ ಎಂಬ ಮಾತು ನಮ್ಮ ಹುಡುಗರ ನಡುವೆ ಇದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ಮಾಡಿದ ಬಿಡಿ ವ್ಯಕ್ತಿಗಳಲ್ಲಿ 93% ಜನ ನಷ್ಟ ಅನುಭವಿಸಿದ್ದಾರೆ. ಅಂಥ ಮಾರುಕಟ್ಟೆಯಲ್ಲಿ ನೂರರಲ್ಲಿ 92 ಸಲ ಸರಿ ಹೇಳಬಲ್ಲವನು ತಿಂಗಳಿಗೆ 3,500 ರೂಪಾಯಿಗೆ ಅದನ್ನು ಯಾಕೆ ಮಾರುತ್ತಾನೆ ಎಂಬ ಪ್ರಶ್ನೆ ನಿಮ್ಮ ಉಮ್ಮನಿಗೂ ಹೊಳೆಯುತ್ತದೆ, ಕೇಳಿ ನೋಡಿ.

ನೋಂದಣಿಯ ಬಗ್ಗೆ ಒಂದು ಮಾತು. ಹಣ ಪಡೆದು ಷೇರು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿರಬೇಕು. ರಿಸರ್ಚ್ ಅನಲಿಸ್ಟ್‌ನ ಸಂಖ್ಯೆ `INH` ಎಂದು ಶುರುವಾಗುತ್ತದೆ, ಇನ್ವೆಸ್ಟ್‌ಮೆಂಟ್ ಅಡ್ವೈಸರ್‌ನದ್ದು `INA`. ಪೋಸ್ಟರಿನಲ್ಲಿ ಸಂಖ್ಯೆ ಇದ್ದರೆ ಅಲ್ಲಿಗೇ ನಿಲ್ಲಬೇಡಿ, ಬೇರೆಯವರ ಸಂಖ್ಯೆಯನ್ನು ಅಂಟಿಸಿಕೊಳ್ಳುವವರಿದ್ದಾರೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು ಇರುವ ಹೆಸರು, ವಿಳಾಸ ಮತ್ತು ನೀವು ಹಣ ಕಳುಹಿಸುವ ಖಾತೆಯ ಹೆಸರು ಒಂದೇ ಆಗಿದೆಯೇ ನೋಡಿ. ಒಂದೇ ಆಗಿದ್ದರೂ ಅದರಿಂದ ಆಕ್ಯುರಸಿ ಸಾಬೀತಾಗುವುದಿಲ್ಲ. ನೋಂದಣಿ ಎಂದರೆ ಅವರು ದಾಖಲೆ ಇಟ್ಟುಕೊಳ್ಳಲು ಬದ್ಧರು, ದೂರು ಕೊಡಲು ಒಂದು ಬಾಗಿಲಿದೆ ಎಂದಷ್ಟೇ. ಖಚಿತ ಲಾಭದ ಭರವಸೆ ಕೊಡುವುದು ನೋಂದಾಯಿತರಿಗೂ ನಿಷಿದ್ಧ. ಹಿಂದಿನ ಸಾಧನೆಯನ್ನು ಮೂರನೆಯವರು ಪರಿಶೀಲಿಸಿ ಹೇಳಲೆಂದು 2025ರಲ್ಲಿ ಸೆಬಿ `PaRRVA` ಎಂಬ ವ್ಯವಸ್ಥೆಗೆ ನಿಯಮ ತಂದಿದೆ. ಕ್ರೆಡಿಟ್ ರೇಟಿಂಗ್ ಸಂಸ್ಥೆಯೊಂದು ಎಕ್ಸ್‌ಚೇಂಜಿನ ನೆರವಿನಿಂದ ಲೆಕ್ಕ ಹಾಕುವ ವ್ಯವಸ್ಥೆ ಅದು. ನೋಟ್‌ಪುಸ್ತಕ ಹಿಡಿದು ನಾವು ಮಾಡಿದ್ದನ್ನೇ ದೊಡ್ಡ ಮಟ್ಟದಲ್ಲಿ ಮಾಡುವ ಕೆಲಸ ಎನ್ನಬಹುದು.

ಗಲ್ಫಿನಲ್ಲಿರುವ ನಮ್ಮವರಿಗೆ ಬರುವುದು ಹೆಚ್ಚಾಗಿ ನಿಫ್ಟಿಯ ಟಿಪ್ ಅಲ್ಲ, ಚಿನ್ನದ ಸಿಗ್ನಲ್, `XAUUSD`. ಅಲ್ಲಿ ಭಾವ್‌ಕಾಪಿಯಂಥ ಒಂದು ಎಕ್ಸ್‌ಚೇಂಜಿನ ದಾಖಲೆ ಇಲ್ಲ, ಬೆಲೆ ಆಯಾ ಬ್ರೋಕರ್‌ನದ್ದು. ಸಿಗ್ನಲ್ ಉಚಿತ, ಆದರೆ ಅವರು ಕೊಟ್ಟ ಲಿಂಕಿನಿಂದಲೇ ಖಾತೆ ತೆರೆಯಬೇಕು ಎಂದರೆ ನೀವು ಮಾಡುವ ಪ್ರತಿ ವಹಿವಾಟಿಗೂ ಅವರಿಗೆ ಬ್ರೋಕರ್‌ನಿಂದ ಕಮಿಷನ್ ಹೋಗುವ ಸಾಧ್ಯತೆ ಹೆಚ್ಚು. ನೀವು ಗೆದ್ದರೂ ಸೋತರೂ ಅದು ಹೋಗುತ್ತದೆ. ಇಲ್ಲಿ ದಾಖಲೆಯೆಂದು ತೋರಿಸುವುದು ಮೈಎಫ್‌ಎಕ್ಸ್‌ಬುಕ್‌ನಂಥ ತಾಣದ ಪುಟವನ್ನು. ಅದನ್ನು ನೋಡುವಾಗ ಖಾತೆ ನಿಜವಾದ ಹಣದ್ದೋ ಡೆಮೋವೋ ಎಂಬುದು ಮೊದಲ ಪ್ರಶ್ನೆ, ಪುಟದಲ್ಲೇ ಬರೆದಿರುತ್ತದೆ. ಎರಡನೆಯದು ಬ್ಯಾಲೆನ್ಸ್ ಮತ್ತು ಇಕ್ವಿಟಿ ಎಂಬ ಎರಡು ಗೆರೆಗಳು. ಮುಗಿಸಿದ ವಹಿವಾಟು ಮಾತ್ರ ಬ್ಯಾಲೆನ್ಸಿಗೆ ಬರುತ್ತದೆ. ಸೋಲುತ್ತಿರುವುದನ್ನು ಮುಗಿಸದೆ ಇಟ್ಟು, ಗೆದ್ದದ್ದನ್ನು ಮಾತ್ರ ಮುಗಿಸಿದರೆ ಬ್ಯಾಲೆನ್ಸ್ ಗೆರೆ ನೇರ ಮೇಲೆ ಹೋಗುತ್ತದೆ, ಗೆಲುವು 95% ಎಂದು ಕಾಣುತ್ತದೆ. ಇಕ್ವಿಟಿ ಗೆರೆ ಅದಕ್ಕಿಂತ ಬಹಳ ಕೆಳಗೆ ಜೋತುಬಿದ್ದಿದ್ದರೆ ಆ ನಷ್ಟ ಒಳಗೇ ಕೂತಿದೆ ಎಂದರ್ಥ, ಒಂದು ದಿನ ಖಾತೆಯನ್ನೇ ಖಾಲಿ ಮಾಡುತ್ತದೆ. ಚಾಲ್ತಿಯಲ್ಲಿರುವ ವಹಿವಾಟುಗಳನ್ನು ಮರೆಮಾಚಿದ ಪುಟವನ್ನು ದಾಖಲೆ ಎಂದು ಒಪ್ಪಬೇಡಿ. ಊರಿನಲ್ಲಿರುವವರು ಇದಕ್ಕೆ ಕೈ ಹಾಕುವ ಮೊದಲು ಆ ಕಂಪೆನಿಯ ಹೆಸರು ರಿಸರ್ವ್ ಬ್ಯಾಂಕಿನ ಅಲರ್ಟ್ ಲಿಸ್ಟ್‌ನಲ್ಲಿ ಇದೆಯೇ ನೋಡಿ. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಅನುಮತಿ ಇದೆ ಎಂದಾಗುವುದಿಲ್ಲ.

ಗ್ರೂಪಿನಲ್ಲಿ ಈ ವಿಷಯ ಎತ್ತಿದಾಗ ನನಗೆ ಬಂದ ಉತ್ತರ, “ನನಗೆ ಲಾಭ ಬಂದಿದೆ, ನಿಮಗೇನು ಕಷ್ಟ?” ಬಂದಿರಬಹುದು, ಬರಲಿ. ಹಾಗೆ ಹೇಳುವ ಬಾವನಲ್ಲಿ ನಾನು ಕೇಳುವುದು ಒಂದೇ. ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಹಣಕಾಸು ವರ್ಷದ ಲಾಭನಷ್ಟದ ಪಟ್ಟಿ ಇದೆ. ಚಾನೆಲ್ ಸೇರಿದ ದಿನದಿಂದ ಇವತ್ತಿನವರೆಗೆ ತೆಗೆದು, ಚಂದಾ ಕಳೆದು, ನಿಮ್ಮ ಮಟ್ಟಿಗೆ ನೋಡಿಕೊಳ್ಳಿ. ನನಗೆ ತೋರಿಸುವುದು ಬೇಡ. ಪಟ್ಟಿ ಲಾಭ ಹೇಳಿದರೆ ಲಿಂಕ್ ಹಾಕುವಾಗ ಆ ಅಂಕಿಯನ್ನೂ ಹಾಕಿ. ನೀವು ಸೇರಿಸಿದ್ದಕ್ಕೆ ನಿಮಗೆ ಏನಾದರೂ ಸಿಗುವುದಿದ್ದರೆ ಅದನ್ನೂ ಬರೆಯಿರಿ. ವಿಧವೆ ಸೋದರತ್ತೆಯೂ ಅದೇ ಗ್ರೂಪಿನಲ್ಲಿ ಇದ್ದಾರೆ, ಅವರು ನಂಬುವುದು ಪೋಸ್ಟರನ್ನಲ್ಲ, ನಿಮ್ಮನ್ನು.

ಈಗಾಗಲೇ ಹಣ ಕೊಟ್ಟು ಮೋಸ ಹೋದವರು ಚಾನೆಲ್‌ನಿಂದ ಸಿಟ್ಟಿನಲ್ಲಿ ಹೊರಬರಬೇಡಿ. ಹೊರಬಂದರೆ ಹಣ ಕೊಟ್ಟು ಸೇರಿದ ಚಾನೆಲ್‌ನ ಸಂದೇಶಗಳು ನಿಮಗೆ ಮತ್ತೆ ಕಾಣುವುದಿಲ್ಲ. ಮೊದಲು ಟಿಪ್‌ಗಳು, ಪೋಸ್ಟರುಗಳು, ಅಡ್ಮಿನ್ ಜೊತೆಗಿನ ಮಾತು, ಹಣ ಕಳುಹಿಸಿದ ಯುಪಿಐ ರೆಫರೆನ್ಸ್ ಸಂಖ್ಯೆ ಎಲ್ಲವನ್ನೂ ಉಳಿಸಿಕೊಳ್ಳಿ. ನೋಂದಾಯಿತ ವ್ಯಕ್ತಿಯಾಗಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೋಂದಣಿ ಇಲ್ಲದವರ ಮೇಲೆ ಸ್ಕೋರ್ಸ್‌ನಲ್ಲಿ ಕೆಲಸ ಆಗುವುದಿಲ್ಲ. ವಂಚನೆಯಾಗಿದ್ದರೆ 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಬೇಕು, ಅದೂ ಹಣ ಹೋದ ಗಂಟೆಗಳ ಒಳಗೆ ಮಾಡಿದಷ್ಟು ಒಳ್ಳೆಯದು. ಎರಡೂ ಕಡೆ ಅವರು ಮೊದಲು ಕೇಳುವುದು ಹಣ ಯಾವ ಖಾತೆಗೆ, ಯಾವ ದಿನ, ಎಷ್ಟು ಹೋಯಿತು ಎಂಬುದನ್ನು.